‘ನನ್ನನ್ನ ಯಾಕೆ ಕರೀಲಿಲ್ಲ?’ ಎಂದು ಗೆಳತಿ ಮೇಲ್ ಬರೆದಾಗ: ಉತ್ತರ ಬರೆಯುವ ಕ್ರಮ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನಾಲ್ಕು ಜನ ಹಳೆಯ ಗೆಳತಿಯರಲ್ಲಿ ಮೂವರು ಪ್ರವಾಸ ಹೋಗಿರುತ್ತಾರೆ. ಬಿಟ್ಟುಹೋದವಳಿಗೆ ವಾಟ್ಸಾಪ್ ಸ್ಟೇಟಸ್‌ನಿಂದ ವಿಷಯ ಗೊತ್ತಾಗುತ್ತದೆ. ಫೋನ್ ಮಾಡಿ ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಅವಳು ಕೂತು ಮೇಲ್ ಬರೆದಿರುತ್ತಾಳೆ. ಅದಕ್ಕೆ ಏನು ಬರೆಯಬೇಕು, ಎಷ್ಟು ಬರೆಯಬೇಕು, ನಿಜ ಹೇಳಬೇಕಾ, ಎಷ್ಟು ನಿಜ ಹೇಳಬೇಕು ಎಂಬುದೇ ಎಲ್ಲರ ತಲೆಬಿಸಿ.

ಈ ಲೇಖನದಲ್ಲಿ ಒಂದೇ ಮೇಲ್ ಇಟ್ಟುಕೊಂಡು, ಅದಕ್ಕೆ ಉತ್ತರ ತಯಾರಾಗುವ ತನಕ ಹಂತ ಹಂತವಾಗಿ ಹೋಗೋಣ. ಮೇಲ್ ಉದಾಹರಣೆಗೆ ನಾನೇ ಕಟ್ಟಿದ್ದು. ಆದರೆ ಇದರಲ್ಲಿರುವ ಒಂದೊಂದು ಮಾತೂ ಇಂಥ ಮೇಲ್‌ಗಳಲ್ಲಿ ಸಾಮಾನ್ಯವಾಗಿ ಬರುವಂಥದ್ದೇ. ಬರೆದವಳು ಕಾರವಾರದಲ್ಲಿದ್ದಾಳೆ. ಉತ್ತರ ಬರೆಯಬೇಕಾದವಳು ಶಿರಸಿಯಲ್ಲಿ. ಇಬ್ಬರೂ ಕಾಲೇಜಿನಿಂದ ಗೆಳತಿಯರು.

> ನಿಮ್ಮ ಮೂವರ ಯಾಣದ ಫೋಟೋ ನೋಡಿದೆ. ಚೆನ್ನಾಗಿ ಬಂದಿದೆ. ಗೋಕರ್ಣದಲ್ಲಿ ಎರಡು ರಾತ್ರಿ ಇದ್ದಿರಂತೆ. ಕಾರವಾರದಿಂದ ಗೋಕರ್ಣ ಎಷ್ಟು ದೂರ ಅಂತ ನಿನಗೆ ಗೊತ್ತು. ಒಂದು ಫೋನ್ ಮಾಡಿದ್ದರೆ ಒಂದು ಸಂಜೆಗಾದರೂ ಬಂದು ಹೋಗುತ್ತಿದ್ದೆ. ಅವರಿಬ್ಬರು ಹೇಳದೇ ಇದ್ದಿದ್ದಕ್ಕೆ ಇಷ್ಟು ಬೇಜಾರಿಲ್ಲ. ನೀನೂ ಹೇಳಲಿಲ್ಲವಲ್ಲ. ಹೋಗೋಕೆ ನಾಲ್ಕು ದಿನ ಮೊದಲು ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದ್ದೆವು, ಆಗಲೂ ಬಾಯಿ ಬಿಡಲಿಲ್ಲ. ಪಾಪು ಹುಟ್ಟಿದ ಮೇಲೆ ನಾನು ನಿಮ್ಮ ಲೆಕ್ಕದಲ್ಲೇ ಇಲ್ಲವಾ? ಉತ್ತರ ಬರೆಯಲೇಬೇಕು ಅಂತೇನಿಲ್ಲ. ಹೇಳಬೇಕು ಅನಿಸಿತು, ಹೇಳಿದೆ.

ಶುರು ಮಾಡುವ ಮೊದಲು

ಬೇಕಾಗಿದ್ದು ಜಾಸ್ತಿ ಏನಿಲ್ಲ. ಅವಳ ಮೇಲ್, ಒಂದು ಹಾಳೆ, ಪೆನ್ನು, ಯಾರೂ ಕರೆಯದ ಒಂದು ಗಂಟೆ. ಮೇಲ್ ಬಾಕ್ಸಿನಲ್ಲೇ ನೇರವಾಗಿ ಉತ್ತರ ಟೈಪ್ ಮಾಡಬೇಡಿ. ಅರ್ಧ ಬರೆದಾಗ ಕೈತಪ್ಪಿ ಹೋಗಿಬಿಟ್ಟರೆ ಅದನ್ನು ಸರಿಮಾಡಲು ಇನ್ನೆರಡು ಮೇಲ್ ಬೇಕಾಗುತ್ತದೆ. ಹಾಳೆಯಲ್ಲಿ ಬರೆಯಿರಿ, ಇಲ್ಲವೇ ಫೋನಿನ ನೋಟ್ಸ್‌ನಲ್ಲಿ.

ಅವಳ ಮೇಲನ್ನು ಪ್ರವಾಸಕ್ಕೆ ಹೋದ ಉಳಿದಿಬ್ಬರಿಗೆ ಫಾರ್ವರ್ಡ್ ಮಾಡಬೇಡಿ. ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೂ ಹಾಕಬೇಡಿ. ‘ನೋಡ್ರೇ, ಹೀಗೆ ಬರೆದಿದ್ದಾಳೆ, ಏನು ಮಾಡೋದು’ ಎಂದು ಕೇಳುವ ಆಸೆ ಬಂದೇ ಬರುತ್ತದೆ. ಅವಳು ಬರೆದಿದ್ದು ನಿಮಗೆ ಮಾತ್ರ. ಮೂವರು ಸೇರಿ ಅವಳನ್ನು ಬಿಟ್ಟು ಹೋದಿರಿ ಎಂಬುದೇ ಅವಳ ನೋವು. ಈಗ ಮೂವರೂ ಸೇರಿ ಅವಳ ಮೇಲ್ ಓದಿದಿರಿ ಎಂದು ಗೊತ್ತಾದರೆ ಅದೇ ನೋವು ಇನ್ನೊಮ್ಮೆ ಆಗುತ್ತದೆ. ಗೊತ್ತಾಗದೇ ಇರುವುದೂ ಇಲ್ಲ, ನಮ್ಮ ಕಡೆ ಮಾತು ಘಟ್ಟ ಇಳಿಯಲು ಎಷ್ಟು ಹೊತ್ತು?

1. ಒಂದು ಸಾಲಿನ ಪಹುಂಚು ಕಳಿಸಿ

ಪೂರ್ತಿ ಉತ್ತರ ಅದೇ ದಿನ ಹೋಗಬೇಕಾಗಿಲ್ಲ. ಆದರೆ ಮೇಲ್ ತಲುಪಿದೆ, ಓದಿದ್ದೀರಿ ಎನ್ನುವುದು ಅವಳಿಗೆ ಅದೇ ದಿನ ಗೊತ್ತಾಗಬೇಕು. ಇಂಥ ಮೇಲ್ ಕಳಿಸಿದವರು ಆಮೇಲೆ ಗಂಟೆಗೊಮ್ಮೆ ಫೋನ್ ತೆಗೆದು ನೋಡುತ್ತಿರುತ್ತಾರೆ. ‘ಬರೆಯಬಾರದಿತ್ತೇನೋ’ ಎಂಬ ಯೋಚನೆ ಅಷ್ಟರಲ್ಲಿ ಶುರುವಾಗಿರುತ್ತದೆ. ನೀವು ಮೂರು ದಿನ ಸುಮ್ಮನಿದ್ದರೆ ಆ ಮೂರು ದಿನಕ್ಕೆ ಅವಳೇ ಒಂದು ಅರ್ಥ ಕೊಟ್ಟುಕೊಳ್ಳುತ್ತಾಳೆ.

> ನಿನ್ನ ಮೇಲ್ ಓದಿದೆ. ಗಡಿಬಿಡಿಯಲ್ಲಿ ಉತ್ತರ ಬರೆಯೋದು ಬೇಡ ಅನಿಸಿತು. ನಾಳೆ ರಾತ್ರಿಯೊಳಗೆ ಬರೆಯುತ್ತೇನೆ.

ಇಷ್ಟೇ ಸಾಕು. ಇದರಲ್ಲಿ ಕಾರಣವೂ ಬೇಡ, ಕ್ಷಮೆಯೂ ಬೇಡ. ಹೇಳಿದ ಹೊತ್ತಿಗೆ ಮಾತ್ರ ತಪ್ಪದೇ ಬರೆಯಬೇಕು. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗಿ ನೆಟ್‌ವರ್ಕೂ ಹೋಗುವುದು ಮಾಮೂಲು. ಹಾಗೆ ನಿಜವಾಗಿಯೂ ತಡವಾದರೆ ಒಂದು ಸಾಲಿನಲ್ಲಿ ಹೇಳಿ. ನೆಟ್‌ವರ್ಕ್ ಇದ್ದೂ ಇರಲಿಲ್ಲ ಎನ್ನಬೇಡಿ. ಸ್ಟೇಟಸ್ ನೋಡಿಯೇ ಪ್ರವಾಸ ಕಂಡುಹಿಡಿದವಳು ನೀವು ಆನ್‌ಲೈನ್ ಇದ್ದಿದ್ದನ್ನು ನೋಡದೇ ಇರುತ್ತಾಳಾ?

ತಕ್ಷಣ ಫೋನ್ ಮಾಡಿಬಿಡಲೇ ಎಂದು ಹಲವರು ಕೇಳುತ್ತಾರೆ. ಬೇಡ ಎನ್ನುವುದು ನನ್ನ ಅಭಿಪ್ರಾಯ. ಅವಳು ಮಾತಿಗಿಂತ ಬರವಣಿಗೆ ಆರಿಸಿಕೊಂಡಿದ್ದಾಳೆ. ಮಾತಾಡಿದರೆ ಅಳು ಬರಬಹುದು, ಅಥವಾ ನೀವು ಅರ್ಧಕ್ಕೇ ಬಾಯಿ ಹಾಕುತ್ತೀರಿ ಎಂದು ಅವಳಿಗೆ ಅನಿಸಿರಬಹುದು. ಮನೆಯಲ್ಲಿ ಎಲ್ಲರ ಎದುರು ಮಾತಾಡಲು ಆಗದೆಯೂ ಇರಬಹುದು. ಮೊದಲ ಉತ್ತರ ಬರವಣಿಗೆಯಲ್ಲೇ ಹೋಗಲಿ.

2. ಮೇಲ್ ಓದಿ, ಗುರುತು ಹಾಕಿ

ಇದು ಎಲ್ಲಕ್ಕಿಂತ ಮುಖ್ಯ ಹಂತ. ಹೆಚ್ಚಿನವರು ಇದನ್ನೇ ಬಿಡುತ್ತಾರೆ. ಮೇಲ್ ಓದಿದ ಕೂಡಲೇ ‘ಪ್ರವಾಸಕ್ಕೆ ಕರೆಯಲಿಲ್ಲ ಅಂತ ಸಿಟ್ಟು’ ಎಂದುಕೊಂಡು ಪ್ರವಾಸದ ಬಗ್ಗೆ ಎರಡು ಪುಟ ಬರೆಯುತ್ತಾರೆ. ಆದರೆ ನೋವು ಪ್ರವಾಸದ್ದೇ ಆಗಿರಬೇಕೆಂದಿಲ್ಲ.

ಮೇಲನ್ನು ಒಂದೊಂದೇ ವಾಕ್ಯವಾಗಿ ಹಾಳೆಗೆ ಇಳಿಸಿ. ಪ್ರತಿ ವಾಕ್ಯದ ಮುಂದೆ ಅದು ಏನು ಎಂದು ಬರೆಯಿರಿ: ನಡೆದ ಸಂಗತಿಯೇ, ನೋವೇ, ಊಹೆಯೇ, ಪ್ರಶ್ನೆಯೇ. ನಮ್ಮ ಉದಾಹರಣೆಯನ್ನೇ ನೋಡೋಣ.

ಫೋಟೋ ನೋಡಿದ್ದು, ಗೋಕರ್ಣದಲ್ಲಿ ಎರಡು ರಾತ್ರಿ ಇದ್ದಿದ್ದು ಸಂಗತಿ. ಕಾರವಾರದಿಂದ ಗೋಕರ್ಣದ ದೂರ ಹೇಳಿದ್ದು ನೋಡಲು ಸಂಗತಿಯ ಹಾಗಿದೆ, ಒಳಗಿರುವುದು ನೋವು. ಅಂಕೋಲೆಯ ಮೇಲೆ ಹೆದ್ದಾರಿಯಲ್ಲಿ ಹೆಚ್ಚುಕಡಿಮೆ ಅರವತ್ತು ಕಿಲೋಮೀಟರ್. ನೀವು ಅವಳ ಮನೆಗೆ ಅಷ್ಟು ಹತ್ತಿರ ಬಂದಿದ್ದಿರಿ. ಮೂವರೂ ಕೇರಳಕ್ಕೆ ಹೋಗಿದ್ದರೆ ಈ ಸಾಲು ಮೇಲ್‌ನಲ್ಲಿ ಇರುತ್ತಿರಲಿಲ್ಲ.

‘ನೀನೂ ಹೇಳಲಿಲ್ಲವಲ್ಲ’ ಎಂಬಲ್ಲಿ ಪೆನ್ನು ನಿಲ್ಲಿಸಿ. ಅದರ ನಂತರದ ಫೋನಿನ ಮಾತು ಓದಿ. ಅವಳಿಗೆ ಹೆಚ್ಚು ಚುಚ್ಚಿದ್ದು ಇದು. ಅವಳ ಜೊತೆ ಅರ್ಧ ಗಂಟೆ ಮಾತಾಡುವಾಗ ನಿಮಗೆ ಎಲ್ಲವೂ ಗೊತ್ತಿತ್ತು, ನೀವು ಮುಚ್ಚಿಟ್ಟಿರಿ. ಪ್ರವಾಸಕ್ಕೆ ಕರೆಯದೇ ಇರುವುದು ಒಂದು, ಎದುರಿಗಿದ್ದೂ ಹೇಳದೇ ಇರುವುದು ಇನ್ನೊಂದು. ಉತ್ತರದಲ್ಲಿ ಎರಡನೆಯದು ಬರದಿದ್ದರೆ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ‘ನಾನು ಹೇಳಿದ್ದು ಇವಳಿಗೆ ತಲುಪಲೇ ಇಲ್ಲ’ ಅನಿಸುತ್ತದೆ.

‘ಪಾಪು ಹುಟ್ಟಿದ ಮೇಲೆ ಲೆಕ್ಕದಲ್ಲೇ ಇಲ್ಲವಾ’ ಎಂಬುದರಲ್ಲಿ ಊಹೆಯೂ ಇದೆ, ಪ್ರಶ್ನೆಯೂ ಇದೆ. ಇಡೀ ಮೇಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವುದು ಇಲ್ಲಿ ಮಾತ್ರ. ಇದಕ್ಕೆ ನೇರ ಉತ್ತರ ಬೇಕೇ ಬೇಕು.

ಕೊನೆಯ ‘ಉತ್ತರ ಬರೆಯಲೇಬೇಕು ಅಂತೇನಿಲ್ಲ’ ಎಂಬ ಮಾತನ್ನು ಇದ್ದ ಹಾಗೇ ತೆಗೆದುಕೊಂಡು ಸುಮ್ಮನಾಗಬೇಡಿ. ಉತ್ತರ ಬಾರದೇ ಹೋದರೆ ಅವಮಾನ ಕಡಿಮೆಯಾಗಲಿ ಎಂದು ಅವಳು ತನಗೇ ಹಾಕಿಕೊಂಡ ರಕ್ಷಣೆ ಅದು.

3. ನಿಜವಾದ ಕಾರಣ ನಿಮಗೆ ನೀವೇ ಬರೆದುಕೊಳ್ಳಿ

ಇದನ್ನು ಕಳಿಸಬೇಕಾಗಿಲ್ಲ. ಹಾಳೆಯ ಇನ್ನೊಂದು ಬದಿಯಲ್ಲಿ ಪ್ರವಾಸ ಹೇಗೆ ನಿಶ್ಚಯವಾಯಿತು ಎಂದು ಬರೆಯಿರಿ. ಯಾರು ಮೊದಲು ಹೇಳಿದರು, ಅವಳ ಹೆಸರು ಮಾತಿನಲ್ಲಿ ಬಂತೇ, ಬಂದಾಗ ಯಾರು ಏನೆಂದರು, ನೀವು ಏನೆಂದಿರಿ.

ನಮ್ಮ ಉದಾಹರಣೆಯಲ್ಲಿ ನಡೆದದ್ದು ಹೀಗೆ ಎಂದಿಟ್ಟುಕೊಳ್ಳೋಣ. ಒಬ್ಬಳು ಹೇಳಿದಳು: ‘ಅವಳಿಗೆ ಪಾಪು ಚಿಕ್ಕದು. ಯಾಣದಲ್ಲಿ ನಡೆಯೋದು, ಹತ್ತೋದು ಎಲ್ಲ ಆಗಲ್ಲ. ಓಂ ಬೀಚಿನಿಂದ ಗುಡ್ಡದ ಮೇಲೆ ಹಾಫ್ ಮೂನ್ ಬೀಚಿಗೆ ಹೋಗೋದಂತೂ ಸಾಧ್ಯವೇ ಇಲ್ಲ. ಕೇಳಿದರೆ ಸುಮ್ನೆ ಬೇಜಾರು ಮಾಡ್ಕೋತಾಳೆ.’ ನೀವು ಹೌದು ಎಂದಿರಿ. ಆಮೇಲೆ ಅವಳ ಫೋನ್ ಬಂದಾಗ ಹೇಳಲು ಬಾಯಿ ಬರಲಿಲ್ಲ.

ಇಲ್ಲಿ ಕೆಟ್ಟ ಮನಸ್ಸು ಯಾರಿಗೂ ಇರಲಿಲ್ಲ. ತಪ್ಪು ಬೇರೆ ಕಡೆ ಇದೆ. ಅವಳು ತೀರ್ಮಾನ ಮಾಡಬೇಕಾದ ವಿಷಯವನ್ನು ನೀವು ತೀರ್ಮಾನ ಮಾಡಿದಿರಿ. ಅವಳೇ ಬರೆದಿದ್ದಾಳಲ್ಲ, ಒಂದು ಸಂಜೆಗಾದರೂ ಬರುತ್ತಿದ್ದೆ ಎಂದು. ಯಾಣ ಹತ್ತದೇ ಗೋಕರ್ಣಕ್ಕೆ ಮಾತ್ರ ಬರುವ ದಾರಿ ಇತ್ತು. ಅವಳನ್ನು ಕೇಳಿದ್ದರೆ ಮಾತ್ರ ಅದು ನಿಮಗೆ ಹೊಳೆಯುತ್ತಿತ್ತು. ಮಕ್ಕಳು ಚಿಕ್ಕವರಿರುವವರು, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿರುವವರು, ಕೈ ಬಿಗಿಯಿರುವವರು ಗೆಳೆಯರ ಗುಂಪಿನಿಂದ ಮೆಲ್ಲಗೆ ಹೊರಗುಳಿಯುವುದು ಹೆಚ್ಚಾಗಿ ಹೀಗೆಯೇ. ಯಾರೂ ದ್ವೇಷ ಮಾಡಿರುವುದಿಲ್ಲ. ‘ಅವಳಿಗೆ ಕಷ್ಟ’ ಎಂದು ಉಳಿದವರು ಅಂದುಕೊಂಡಿರುತ್ತಾರೆ, ಅಷ್ಟೇ.

ನಿಮ್ಮ ಕಾರಣ ಬೇರೆಯೇ ಇರಬಹುದು. ಆಫೀಸಿನವರೋ ಗಂಡನ ಮನೆಯವರೋ ಮಾಡಿದ ಪ್ರವಾಸಕ್ಕೆ ನೀವು ಬರೀ ಹೋದವರಾಗಿದ್ದರೆ, ಕರೆಯುವುದು ನಿಮ್ಮ ಕೈಯಲ್ಲಿ ಇರಲಿಲ್ಲ. ಆಗ ಕರೆಯದಿದ್ದಕ್ಕೆ ಕ್ಷಮೆ ಕೇಳುವುದು ಸುಳ್ಳಾಗುತ್ತದೆ. ಹೋಗುವ ವಿಷಯ ಹೇಳದೇ ಇದ್ದುದಕ್ಕೆ ಮಾತ್ರ ಕೇಳಿ. ಇನ್ನು, ಬೇಕೆಂದೇ ಕರೆಯದಿದ್ದರೆ ಅದು ಕಷ್ಟದ ವಿಷಯ. ಅದನ್ನು ಕೊನೆಗೆ ನೋಡೋಣ.

ಒಂದು ಎಚ್ಚರಿಕೆ. ಇಲ್ಲಿ ಬರೆದುಕೊಂಡ ಕಾರಣಕ್ಕೂ ನೀವು ಕಳಿಸುವ ಕಾರಣಕ್ಕೂ ವ್ಯತ್ಯಾಸ ಇರಬಾರದು. ‘ಎಲ್ಲ ದಿಢೀರ್ ಅಂತ ಆಯ್ತು ಮಾರಾಯ್ತಿ, ಹಿಂದಿನ ದಿನ ನಿಶ್ಚಯ ಆಗಿದ್ದು’ ಎನ್ನುವುದು ಎಲ್ಲರ ಬಾಯಿಗೆ ಮೊದಲು ಬರುವ ಸುಳ್ಳು. ಗೋಕರ್ಣದ ರೂಮು ವಾರದ ಹಿಂದೆ ಬುಕ್ ಮಾಡಿದ್ದು ಉಳಿದಿಬ್ಬರಲ್ಲಿ ಯಾರ ಬಾಯಿಂದಾದರೂ ಬಂದೇ ಬರುತ್ತದೆ. ಆಗ ಕರೆಯದಿದ್ದುದು ಹಿಂದೆ ಸರಿದು, ಸುಳ್ಳು ಹೇಳಿದ್ದೇ ದೊಡ್ಡದಾಗುತ್ತದೆ.

4. ಮೊದಲ ಪ್ಯಾರಾ: ಅವಳು ಹೇಳಿದ್ದನ್ನು ಒಪ್ಪಿಕೊಳ್ಳಿ

ಈಗ ಬರೆಯಲು ಶುರು. ಮೊದಲ ಪ್ಯಾರಾದಲ್ಲಿ ನಿಮ್ಮ ಕಾರಣ ಒಂದು ಅಕ್ಷರವೂ ಬೇಡ. ಅವಳಿಗೆ ಏನಾಯಿತು ಎಂದು ನಿಮಗೆ ಅರ್ಥವಾಗಿದ್ದನ್ನು ಬರೆಯಿರಿ. ಎರಡನೇ ಹಂತದಲ್ಲಿ ಗುರುತು ಹಾಕಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

> ನಿನ್ನ ಮೇಲ್ ಎರಡು ಮೂರು ಸಲ ಓದಿದೆ. ನೀನು ಹೇಳಿದ್ದು ಸರಿ. ಪ್ರವಾಸದ ವಿಷಯ ನಿನಗೆ ನನ್ನಿಂದ ಗೊತ್ತಾಗಬೇಕಿತ್ತು, ಫೋಟೋದಿಂದ ಗೊತ್ತಾಯಿತು. ನಿನ್ನ ಹತ್ತಿರ ಅರ್ಧ ಗಂಟೆ ಮಾತಾಡುವಾಗ ನನಗೆ ಎಲ್ಲ ಗೊತ್ತಿತ್ತು, ಹೇಳಲಿಲ್ಲ. ನಿನಗೆ ಜಾಸ್ತಿ ನೋವಾಗಿದ್ದು ಅದಕ್ಕೇ ಅನಿಸುತ್ತದೆ. ಅದು ನನ್ನ ತಪ್ಪು. ಕ್ಷಮಿಸು.

ಇದರಲ್ಲಿ ಅವಳ ಮೇಲ್‌ನ ಸಂಗತಿಗಳೇ ಇವೆ: ಫೋಟೋ, ಅರ್ಧ ಗಂಟೆ, ಫೋನ್. ‘ನಿನಗೆ ಬೇಜಾರಾಗಿದೆ ಅಂತ ಗೊತ್ತಾಯ್ತು’ ಎಂದಷ್ಟೇ ಹೇಳಿದರೆ ಯಾರಿಗೆ ಬೇಕಾದರೂ ಕಳಿಸಬಹುದಾದ ಉತ್ತರ ಅದು. ಯಾವುದಕ್ಕೆ ಬೇಜಾರು ಎಂದು ಹೇಳಿದಾಗಲೇ ಓದಿದ್ದು ಖಾತ್ರಿಯಾಗುತ್ತದೆ.

ಇಲ್ಲಿ ಎಲ್ಲರೂ ಮುಗ್ಗರಿಸುವ ಒಂದು ವಾಕ್ಯ ಇದೆ: ‘ನಿನಗೆ ಬೇಜಾರಾಗಿದ್ದರೆ ಕ್ಷಮಿಸು.’ ಬೇಜಾರಾಗಿದೆ ಎಂದು ಅವಳು ಒಂದು ಮೇಲ್ ತುಂಬ ಬರೆದಿದ್ದಾಳೆ. ಇನ್ನೂ ‘ಆಗಿದ್ದರೆ’ ಎನ್ನುವುದು ಅನುಮಾನ ಪಟ್ಟ ಹಾಗೆ. ‘ನೀನು ಹೀಗೆ ತಿಳಿದುಕೊಳ್ಳುತ್ತೀಯ ಅಂತ ಅಂದುಕೊಂಡಿರಲಿಲ್ಲ’ ಎಂಬುದೂ ಅಷ್ಟೇ. ತಪ್ಪು ಅವಳ ತಿಳುವಳಿಕೆಯದ್ದು ಎಂದಾಯಿತು.

ಕ್ಷಮೆ ಕೇಳುವುದರಲ್ಲಿ ಯಾವ ಭಾಗ ಕೆಲಸ ಮಾಡುತ್ತದೆ ಎಂದು ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಜೊತೆಗಾರರು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ್ದಾರೆ. ವಿಷಾದ, ವಿವರಣೆ, ಜವಾಬ್ದಾರಿ ಒಪ್ಪುವುದು, ಇನ್ನು ಹಾಗೆ ಮಾಡುವುದಿಲ್ಲ ಎನ್ನುವುದು, ಸರಿಪಡಿಸುವ ಮಾತು, ಕ್ಷಮಿಸು ಎಂದು ಕೇಳುವುದು ಎಂದು ಆರು ಭಾಗ ಮಾಡಿಕೊಂಡು ಜನರ ಅಭಿಪ್ರಾಯ ಕೇಳಿದ್ದರು. ಎಲ್ಲಕ್ಕಿಂತ ಮುಖ್ಯ ಎಂದು ಕಂಡದ್ದು ಜವಾಬ್ದಾರಿ ಒಪ್ಪುವುದು, ಅಂದರೆ ‘ಅದು ನನ್ನ ತಪ್ಪು’ ಎಂಬ ಮಾತು. ಅದರ ನಂತರ ಸರಿಪಡಿಸುವ ಮಾತು. ಕ್ಷಮಿಸು ಎಂದು ಬೇಡುವುದಕ್ಕೆ ಎಲ್ಲಕ್ಕಿಂತ ಕಡಿಮೆ ಬೆಲೆ. ಆ ಅಧ್ಯಯನ ನಡೆದದ್ದು ಕೆಲಸದ ಸಂದರ್ಭದ ಉದಾಹರಣೆ ಇಟ್ಟುಕೊಂಡು, ಗೆಳೆತನದ್ದಲ್ಲ. ಆದರೂ ಮೇಲ್ ಬರೆಯುವವರಿಗೆ ಇದು ದಾರಿ ತೋರಿಸುತ್ತದೆ. ‘ಕ್ಷಮಿಸು’ ಒಂದು ಸಲ ಸಾಕು. ಏಳು ಸಲ ಬರೆದರೆ ಅವಳು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ನೋವಾದವಳಿಗೆ ಆ ಕೆಲಸ ಕೊಡಬಾರದು.

5. ಎರಡನೇ ಪ್ಯಾರಾ: ಕಾರಣ, ನಾಲ್ಕೈದು ವಾಕ್ಯದಲ್ಲಿ

ಕಾರಣವನ್ನೇ ಹೇಳದಿದ್ದರೆ ಅವಳ ಊಹೆ ಹಾಗೇ ಉಳಿಯುತ್ತದೆ. ಜಾಸ್ತಿ ಹೇಳಿದರೆ ವಾದವಾಗುತ್ತದೆ. ನಾಲ್ಕೈದು ಸಣ್ಣ ವಾಕ್ಯ ಸಾಕು.

> ಆಗಿದ್ದು ಇಷ್ಟು. ಪಾಪು ಚಿಕ್ಕದು, ಯಾಣದಲ್ಲಿ ನಡೆಯೋದು, ಬೀಚಿಗೆ ಇಳಿಯೋದು ನಿನಗೆ ಕಷ್ಟ ಅಂದುಕೊಂಡೆ. ನಿನ್ನನ್ನ ಕೇಳಲೇ ಇಲ್ಲ. ಬರೋದೋ ಬಿಡೋದೋ ನೀನು ಹೇಳಬೇಕಿತ್ತು, ನಾನೇ ನಿಶ್ಚಯ ಮಾಡಿಬಿಟ್ಟೆ. ನಿನ್ನ ಫೋನ್ ಬಂದಾಗ, ಈಗ ಹೇಳಿದರೆ ಏನಂದುಕೊಳ್ಳುತ್ತೀಯೋ ಅಂತ ಹೆದರಿ ಸುಮ್ಮನಾದೆ.

ಪಾಪುವಿನ ಮಾತು ಮೊದಲು ತೆಗೆದವಳು ಇನ್ನೊಬ್ಬಳು ಎಂಬುದು ಇಲ್ಲಿ ಇಲ್ಲ ನೋಡಿ. ಅದು ಮುಚ್ಚುಮರೆಯಲ್ಲ. ಅವಳು ಹೇಳಿದಳು ಎಂದು ಬರೆದ ಕೂಡಲೇ ನಿಮ್ಮ ಪಾಲಿನ ತಪ್ಪು ಕೈದಾಟಿಸಿದಂತಾಗುತ್ತದೆ. ಹೌದು ಎಂದಿದ್ದು ನೀವೇ ತಾನೇ? ಜೊತೆಗೆ ಆ ಇಬ್ಬರ ನಡುವೆ ಹೊಸದೊಂದು ಜಗಳ ಹುಟ್ಟುತ್ತದೆ. ‘ಅವರಿಗೂ ಬೇಜಾರಾಗಿದೆ, ಅವರೂ ಸಾರಿ ಹೇಳಿದ್ದಾರೆ’ ಎಂದು ಅವರ ಪರವಾಗಿಯೂ ಬರೆಯಬೇಡಿ. ಅವರ ಮಾತು ಅವರೇ ಹೇಳಲಿ.

ಬರೆದಾದ ಮೇಲೆ ಈ ಪ್ಯಾರಾದಲ್ಲಿ ‘ಆದರೆ’ ಹುಡುಕಿ. ‘ನನ್ನದು ತಪ್ಪು, ಆದರೆ ನೀನೂ ಈಗೀಗ ಫೋನ್ ಎತ್ತುವುದಿಲ್ಲ’ ಎಂಬ ರೀತಿಯ ವಾಕ್ಯ ಇದ್ದರೆ ‘ಆದರೆ’ಯಿಂದ ಮುಂದಿನದನ್ನು ಅಳಿಸಿ. ಅವಳು ಫೋನ್ ಎತ್ತುವುದಿಲ್ಲ ಎಂಬುದು ನಿಜವೇ ಇರಬಹುದು. ಅದನ್ನು ಇನ್ನೊಂದು ದಿನ ಹೇಳಬಹುದು, ಈ ಮೇಲ್‌ನಲ್ಲಿ ಬೇಡ. ‘ಹೋದ ವರ್ಷ ನೀನು ಮುರುಡೇಶ್ವರಕ್ಕೆ ಹೋದಾಗ ನನ್ನನ್ನ ಕರೆದಿದ್ಯಾ’ ಎಂಬ ಹಳೇ ಲೆಕ್ಕಕ್ಕೂ ಇದೇ ಮಾತು.

ಪ್ರವಾಸ ಅಷ್ಟೇನೂ ಚೆನ್ನಾಗಿರಲಿಲ್ಲ, ಬಿಸಿಲು ಜಾಸ್ತಿ ಇತ್ತು, ನೀನು ಬಂದಿದ್ದರೆ ಸುಸ್ತಾಗುತ್ತಿದ್ದೆ ಎಂದು ಸಮಾಧಾನಕ್ಕೆ ಬರೆಯುವವರಿದ್ದಾರೆ. ಫೋಟೋದಲ್ಲಿ ಮೂವರೂ ನಗುತ್ತಿದ್ದೀರಿ, ಅವಳು ನೋಡಿದ್ದಾಳೆ.

6. ಪ್ರಶ್ನೆಗೆ ನೇರ ಉತ್ತರ

‘ಲೆಕ್ಕದಲ್ಲೇ ಇಲ್ಲವಾ’ ಎಂದು ಕೇಳಿದ್ದಾಳೆ. ‘ಏನು ಹೀಗೆಲ್ಲ ಕೇಳ್ತೀಯ’ ಎಂದರೆ ಅದು ಉತ್ತರವಲ್ಲ, ಪ್ರಶ್ನೆ ಕೇಳಿದ್ದಕ್ಕೆ ಗದರಿಸಿದಂತೆ. ಇದ್ದೀಯ ಎಂದು ಹೇಳಿ. ಅದಕ್ಕೆ ಆಧಾರವಾಗಿ ಒಂದೇ ಒಂದು ನಿಜವಾದ ಸಂಗತಿ ಕೊಡಿ.

> ಲೆಕ್ಕದಲ್ಲೇ ಇಲ್ಲವಾ ಅಂತ ಕೇಳಿದ್ದೀಯ. ಇದ್ದೀಯ. ನೀನು ಬರೋದು ಬೇಡ ಅಂತ ನನಗೆ ಯಾವತ್ತೂ ಅನಿಸಿಲ್ಲ. ಪಾಪು ಹುಟ್ಟಿದ ಮೇಲೆ ನಿನಗೆ ತೊಂದರೆ ಕೊಡಬಾರದು ಅಂತ ನಾನೇ ಫೋನ್ ಮಾಡೋದು ಕಡಿಮೆ ಮಾಡಿದ್ದೂ ಹೌದು. ಅದು ನಿನಗೆ ಹೀಗೆ ಕಾಣಬಹುದು ಅಂತ ಈಗ ಗೊತ್ತಾಗುತ್ತಿದೆ.

ಆ ಸಂಗತಿ ನಿಜವಾಗಿದ್ದರೆ ಮಾತ್ರ ಬರೆಯಿರಿ. ‘ಗೋಕರ್ಣದಲ್ಲಿ ಪ್ರತಿ ನಿಮಿಷ ನಿನ್ನನ್ನೇ ನೆನೆಸಿಕೊಂಡೆವು’ ಎಂದರೆ ಅವಳು ನಂಬುವುದಿಲ್ಲ. ನಂಬಿದರೆ ಇನ್ನೂ ಕಷ್ಟ: ಅಷ್ಟು ನೆನಪಾಗಿದ್ದರೆ ಅಲ್ಲಿಂದಲೇ ಒಂದು ಫೋನ್ ಮಾಡಬಹುದಿತ್ತು, ಅಲ್ವಾ?

7. ಮುಂದೇನು ಎಂಬುದು

‘ಮುಂದಿನ ಸಲ ಎಲ್ಲರೂ ಸೇರಿ ಹೋಗೋಣ’ ಎನ್ನುವುದಕ್ಕೆ ಬೆಲೆಯಿಲ್ಲ. ದಿನ ಇಲ್ಲ, ಊರಿಲ್ಲ, ಯಾರು ಮಾಡುತ್ತಾರೆ ಎಂಬುದಿಲ್ಲ. ಅದರ ವಿರುದ್ಧದ ತಪ್ಪೂ ಇದೆ. ‘ಮುಂದಿನ ವಾರವೇ ಯಾಣಕ್ಕೆ ಮತ್ತೆ ಹೋಗೋಣ, ನಿನಗೋಸ್ಕರ’ ಎಂದು ಅದೇ ಪ್ರವಾಸವನ್ನು ಇನ್ನೊಮ್ಮೆ ಬಡಿಸುವುದು. ಅವಳು ಕೇಳಿದ್ದು ಯಾಣ ಅಲ್ಲ.

ಸಣ್ಣದನ್ನು ಹೇಳಿ. ಮಾಡಲು ಆಗುವುದನ್ನು ಹೇಳಿ. ಬೇಡ ಎನ್ನಲು ಅವಳಿಗೆ ಜಾಗ ಬಿಡಿ. ಚಿಕ್ಕ ಮಗು ಇರುವವಳನ್ನು ಘಟ್ಟ ಹತ್ತಿಸುವ ಬದಲು ನೀವೇ ಘಟ್ಟ ಇಳಿಯಿರಿ.

> ಮುಂದಿನ ಭಾನುವಾರ ನಾನೊಬ್ಬಳೇ ಕಾರವಾರಕ್ಕೆ ಬರಲಾ? ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ವಾಪಸ್ ಹೋಗುತ್ತೇನೆ. ಪಾಪು ಮಲಗುವ ಹೊತ್ತು ನೋಡಿ ಯಾವಾಗ ಬರಲಿ ಹೇಳು. ಮನೆಯಲ್ಲೇ ಕೂರೋಣ, ಬೇಕಿದ್ದರೆ ಸಂಜೆ ಟಾಗೋರ್ ಬೀಚಿಗೆ ಹೋಗೋಣ. ಇನ್ನೂ ಸಿಟ್ಟಿದ್ದರೆ ಈಗ ಬೇಡ ಅನ್ನು, ನಾನು ತಪ್ಪು ತಿಳಿಯಲ್ಲ. ಇನ್ನು ಮುಂದೆ ಎಲ್ಲಿಗೆ ಹೊರಟರೂ ಮೊದಲು ನಿನ್ನನ್ನ ಕೇಳುತ್ತೇನೆ. ಬರೋದು ಬಿಡೋದು ನಿನಗೆ ಬಿಟ್ಟಿದ್ದು.

ಒಬ್ಬಳೇ ಬರುವುದು ಯಾಕೆಂದರೆ ಅವಳ ಮಾತು ಇರುವುದು ನಿಮ್ಮ ಜೊತೆ. ಮೂವರೂ ಸೇರಿ ಹೋಗಿ ಬಾಗಿಲು ತಟ್ಟಿದರೆ ಅವಳು ಅತಿಥಿಗಳನ್ನು ನೋಡಿಕೊಳ್ಳಬೇಕು, ಚಹಾ ಮಾಡಬೇಕು, ನಗಬೇಕು. ಹೇಳದೇ ಕೇಳದೇ ಹೋಗಿ ಆಶ್ಚರ್ಯಪಡಿಸುವುದೂ ಬೇಡ. ಕೇಳದೇ ನಿರ್ಧಾರ ಮಾಡಿದ್ದೇ ಅವಳ ದೂರು.

ಮೇಲ್ ಹೋಗುವ ಮೊದಲೇ ತೊಡೆದೇವು, ಹಲಸಿನ ಹಪ್ಪಳ ಕಟ್ಟಿ ಯಾರದ್ದೋ ಕೈಯಲ್ಲಿ ಕಳಿಸಿಬಿಡುವ ರೂಢಿ ನಮ್ಮಲ್ಲಿದೆ. ಪ್ರೀತಿಯಿಂದಲೇ ಕಳಿಸುತ್ತೀರಿ. ಆದರೆ ಪೊಟ್ಟಣ ಬಂದ ಮೇಲೆ ಅವಳು ಸಿಟ್ಟು ಇಟ್ಟುಕೊಳ್ಳುವ ಹಾಗಿಲ್ಲ, ಥ್ಯಾಂಕ್ಸ್ ಹೇಳಬೇಕು. ಅವಳು ಬಾ ಎಂದ ಮೇಲೆ ತೆಗೆದುಕೊಂಡು ಹೋಗಿ.

8. ಕಳಿಸುವ ಮೊದಲು ನೋಡಬೇಕಾದ್ದು

ಭಾಷೆ ನೋಡಿ. ಅವಳು ನಿಮ್ಮನ್ನು ‘ನೀನು’ ಎಂದು ಬರೆದಿದ್ದಾಳೆ, ಕನ್ನಡ ಲಿಪಿಯಲ್ಲಿ ಬರೆದಿದ್ದಾಳೆ. ಹಾಗೆಯೇ ಉತ್ತರಿಸಿ. ಸಂಕೋಚವಾದಾಗ ಇಂಗ್ಲಿಷಿಗೆ ಜಾರುವುದು ನಮಗೆಲ್ಲ ಅಭ್ಯಾಸ, ಅಲ್ಲಿ ಸಾರಿ ಹೇಳುವುದು ಸುಲಭ. ಓದುವವಳಿಗೆ ಮಾತ್ರ ಆಫೀಸಿನ ಮೇಲ್ ಬಂದ ಹಾಗಾಗುತ್ತದೆ. ಇಬ್ಬರೂ ಮಾತಾಡುವುದು ಹವ್ಯಕ ಕನ್ನಡವೋ ಕೊಂಕಣಿಯೋ ಆಗಿದ್ದು, ಮೇಲ್‌ಗಳೂ ಅದರಲ್ಲೇ ಹೋಗುತ್ತಿದ್ದರೆ ಈ ಸಲವೂ ಅದರಲ್ಲೇ ಬರೆಯಿರಿ.

ತಮಾಷೆ ತೆಗೆಯಿರಿ. ‘ಆಯ್ತು ಮಹಾರಾಣಿ, ಇನ್ನು ನಿನ್ನ ಅಪ್ಪಣೆ ಇಲ್ಲದೇ ಹೋಗಲ್ಲ’ ಎಂಬುದು ಎದುರಿಗೆ ಕೂತು ಹೇಳಿದರೆ ನಗು ಬರಿಸಬಹುದು. ಮೇಲ್‌ನಲ್ಲಿ ನಿಮ್ಮ ಮುಖ ಇಲ್ಲ, ದನಿ ಇಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರ 2005ರ ಅಧ್ಯಯನದಲ್ಲಿ ಕಂಡದ್ದು ಇದನ್ನೇ: ಮೇಲ್ ಬರೆದವರು ತಮ್ಮ ಧಾಟಿ ಓದುವವರಿಗೆ ಎಷ್ಟು ಗೊತ್ತಾಗುತ್ತದೆ ಎಂದುಕೊಂಡಿದ್ದರೋ ಅಷ್ಟು ಗೊತ್ತಾಗುತ್ತಿರಲಿಲ್ಲ. ಬರೆಯುವಾಗ ನಮ್ಮ ಕಿವಿಯಲ್ಲಿ ನಮ್ಮ ದನಿ ಇರುತ್ತದೆ, ಓದುವವರ ಕಿವಿಯಲ್ಲಿ ಅದು ಇರುವುದಿಲ್ಲ. ಅಳುವ, ಕೈಮುಗಿಯುವ ಇಮೋಜಿಗಳೂ ಬೇಡ.

ಗಟ್ಟಿಯಾಗಿ ಒಂದು ಸಲ ಓದಿ, ಆದಷ್ಟು ಚಪ್ಪಟೆ ದನಿಯಲ್ಲಿ. ಸಿಟ್ಟಿನಲ್ಲಿರುವವಳು ಓದುವುದು ಹಾಗೆಯೇ. ಎಲ್ಲಿ ಚುಚ್ಚಿದಂತೆ ಕೇಳುತ್ತದೋ ಆ ವಾಕ್ಯ ಬದಲಿಸಿ.

ಮೇಲ್‌ನ ವಿಷಯದ ಸಾಲು ಬದಲಿಸಬೇಡಿ. ಅವಳ ಮೇಲ್‌ಗೇ ರಿಪ್ಲೈ ಮಾಡಿ. ಹೊಸದಾಗಿ ‘ಪ್ರವಾಸದ ಬಗ್ಗೆ’ ಎಂದು ಶುರು ಮಾಡಿದರೆ ಅರ್ಜಿಗೆ ಉತ್ತರ ಕೊಟ್ಟ ಹಾಗಿರುತ್ತದೆ. ಹಾಗೆಯೇ ಸ್ಟೇಟಸ್, ಫೇಸ್‌ಬುಕ್ಕಿನಲ್ಲಿರುವ ಫೋಟೋಗಳನ್ನು ಸದ್ದಿಲ್ಲದೇ ಅಳಿಸಬೇಡಿ. ಅದು ಇನ್ನೊಂದು ಮುಚ್ಚುಮರೆ. ಹೊಸ ಫೋಟೋ ಹಾಕುವುದನ್ನು ಸ್ವಲ್ಪ ದಿನ ನಿಲ್ಲಿಸಿ, ಅಷ್ಟೇ.

9. ಕಳಿಸಿದ ಮೇಲೆ

ಎರಡು ನೀಲಿ ಗೆರೆ ನೋಡುವ ಅಭ್ಯಾಸ ಮೇಲ್‌ಗೆ ತರಬೇಡಿ. ‘ಓದಿದ್ಯಾ?’ ಎಂದು ವಾಟ್ಸಾಪಿನಲ್ಲಿ ಕೇಳಬೇಡಿ. ಒಂದು ವಾರ ಬಿಡಿ. ಆಮೇಲೂ ಏನೂ ಬರದಿದ್ದರೆ ಒಂದು ಸಣ್ಣ ಸಾಲು: ‘ಭಾನುವಾರದ ಮಾತು ಹಾಗೇ ಇದೆ. ನಿನಗೆ ಆದಾಗ ಹೇಳು.’ ಅದರ ಮೇಲೆ ಇನ್ನೊಂದು ಬೇಡ.

ಅವಳ ಉತ್ತರ ಸಿಟ್ಟಿನದ್ದೇ ಬರಬಹುದು. ಮೊದಲ ಮೇಲ್‌ಗಿಂತ ಖಾರವಾಗಿಯೂ ಇರಬಹುದು. ಮೊದಲನೆಯದರಲ್ಲಿ ಅವಳು ಹುಷಾರಾಗಿ ಬರೆದಿದ್ದಳು. ನೀವು ಕೇಳಿಸಿಕೊಳ್ಳುತ್ತೀರಿ ಎಂದು ಗೊತ್ತಾದ ಮೇಲೆ ಉಳಿದದ್ದು ಹೊರಬರುತ್ತದೆ. ಕೆಟ್ಟದ್ದಾಯಿತು ಎಂದು ಗಾಬರಿಯಾಗಬೇಡಿ. ಅದರಲ್ಲಿ ಹೊಸ ಸಂಗತಿ ಇದೆಯೇ ನೋಡಿ. ‘ಬಾಳಂತನದಲ್ಲಿ ನೋಡಲೂ ಬರಲಿಲ್ಲ’ ಎಂಬಂಥದ್ದು ಇದ್ದರೆ, ಅದಕ್ಕೂ ನಾಲ್ಕನೇ ಹಂತದ ರೀತಿಯಲ್ಲೇ ಉತ್ತರ, ಆದರೆ ಇನ್ನೂ ಚಿಕ್ಕದು. ಹೊಸದೇನೂ ಇಲ್ಲದೇ ಅದೇ ಮಾತು ಮತ್ತೆ ಬಂದಿದ್ದರೆ ಮತ್ತೆ ವಿವರಿಸಬೇಡಿ. ‘ಹೌದು. ನೀನು ಹೇಳಿದ್ದು ಕೇಳಿಸಿಕೊಂಡೆ’ ಎಂದಷ್ಟೇ ಬರೆಯಿರಿ. ಈ ಹೊತ್ತಿಗೆ ಫೋನ್ ಮಾಡಲೇ ಎಂದು ಕೇಳಬಹುದು.

ಬೇಕೆಂದೇ ಕರೆಯದಿದ್ದರೆ

ಇದನ್ನು ಬೇರೆಯಾಗಿ ಇಟ್ಟೆ, ಯಾಕೆಂದರೆ ಮೇಲಿನ ಉತ್ತರ ಇಲ್ಲಿ ನಡೆಯುವುದಿಲ್ಲ. ಪ್ರವಾಸಕ್ಕೆ ಬಂದ ಒಬ್ಬಳಿಗೂ ಇವಳಿಗೂ ಮಾತಿಲ್ಲದಿರಬಹುದು. ಹಿಂದಿನ ಸಲ ದಾಂಡೇಲಿಗೆ ಹೋದಾಗ ಖರ್ಚು ಹಂಚಿಕೊಳ್ಳುವಲ್ಲಿ ಕಿರಿಕಿರಿ ಆಗಿರಬಹುದು. ಆಗ ‘ನಿನಗೆ ಕಷ್ಟ ಆಗುತ್ತೆ ಅಂದುಕೊಂಡೆ’ ಎಂದು ಬರೆಯುವುದು ಸುಳ್ಳು, ಅದೂ ಅವಳ ಮಗುವಿನ ಮೇಲೆ ಹಾಕಿದ ಸುಳ್ಳು. ಹಾಗಂತ ಇದ್ದದ್ದೆಲ್ಲ ಮೇಲ್‌ನಲ್ಲಿ ಸುರಿಯುವುದೂ ಸರಿಯಲ್ಲ. ನೋವಿನಲ್ಲಿರುವವಳು ಆ ಪಟ್ಟಿಯನ್ನು ಒಬ್ಬಳೇ ಕೂತು ಹತ್ತು ಸಲ ಓದುತ್ತಾಳೆ.

ಮೊದಲ ಪ್ಯಾರಾ ಹಾಗೇ ಇರಲಿ. ಹೇಳದೇ ಮುಚ್ಚಿಟ್ಟಿದ್ದು ಇಲ್ಲೂ ತಪ್ಪೇ. ಕಾರಣದ ಜಾಗದಲ್ಲಿ ಹೀಗೆ ಬರೆಯಬಹುದು:

> ಕರೆಯದೇ ಇದ್ದಿದ್ದಕ್ಕೆ ಕಾರಣ ಇತ್ತು. ಅದನ್ನ ಮೊದಲೇ ನಿನ್ನ ಹತ್ತಿರ ಮಾತಾಡಬೇಕಿತ್ತು, ಧೈರ್ಯ ಸಾಲಲಿಲ್ಲ. ಮೇಲ್‌ನಲ್ಲಿ ಬರೆದರೆ ಇರೋದಕ್ಕಿಂತ ಒರಟಾಗಿ ಕಾಣುತ್ತದೆ. ನಿನಗೆ ಒಪ್ಪಿಗೆ ಇದ್ದರೆ ಎದುರಿಗೆ ಕೂತು ಹೇಳುತ್ತೇನೆ, ನಿನ್ನ ಕಡೆಯದ್ದೂ ಕೇಳುತ್ತೇನೆ.

ಇಂಥ ಮಾತಿಗೆ ಕುಮಟೆಯೋ ಅಂಕೋಲೆಯೋ ಅನುಕೂಲ. ಶಿರಸಿಯವಳು ಘಟ್ಟ ಇಳಿದು ಬರಬೇಕು, ಕಾರವಾರದವಳು ಹೆದ್ದಾರಿಯಲ್ಲಿ ಬರಬೇಕು, ಒಬ್ಬರ ಮನೆಗೆ ಇನ್ನೊಬ್ಬರು ಹೋದ ಹಾಗಾಗುವುದಿಲ್ಲ. ಅವಳು ಎದುರಿಗೆ ಬೇಡ, ಮೇಲ್‌ನಲ್ಲೇ ಬರೆ ಎಂದರೆ ಬರೆಯಿರಿ. ಆಗ ಒಂದೇ ಒಂದು ಕಾರಣ, ನಡೆದ ಒಂದೇ ಒಂದು ಸಂಗತಿ. ‘ದಾಂಡೇಲಿಯಿಂದ ಬಂದ ಮೇಲೆ ದುಡ್ಡಿನ ಲೆಕ್ಕ ಎರಡು ತಿಂಗಳು ಬಗೆಹರಿಯಲಿಲ್ಲ, ಅದು ನನಗೆ ಕಷ್ಟವಾಯಿತು’ ಎಂದು ಬರೆಯಬಹುದು. ‘ನೀನು ಯಾವಾಗಲೂ ಹೀಗೇ’ ಎಂದು ಬರೆಯಬಾರದು. ಮೊದಲನೆಯದಕ್ಕೆ ಅವಳು ಉತ್ತರ ಕೊಡಬಹುದು, ಲೆಕ್ಕ ಯಾಕೆ ತಡವಾಯಿತು ಎಂದು ಹೇಳಬಹುದು. ಎರಡನೆಯದಕ್ಕೆ ಕೊಡಲು ಅವಳ ಹತ್ತಿರ ಏನೂ ಇರುವುದಿಲ್ಲ.